ಒಂದೇ ಜ್ವಾಲೆ ಎರಡು ಸಲ ಕಾಣಬಾರದು

ಕೈಯಲ್ಲಿ ಬರೆಯುವ ಅನಿಮೇಷನ್ ಚಿತ್ರಗಳಲ್ಲಿ ಪಾತ್ರ ಬರೆಯುವವರು ಬೇರೆ, ಆ ಪಾತ್ರದ ಸುತ್ತ ಉರಿಯುವ ಬೆಂಕಿ, ಏಳುವ ಹೊಗೆ, ಸುರಿಯುವ ಮಳೆ ಬರೆಯುವವರು ಬೇರೆ. ಈ ಎರಡನೆಯವರನ್ನು ಎಫೆಕ್ಟ್ಸ್ ಅನಿಮೇಟರ್ ಎನ್ನುತ್ತಾರೆ. 1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೊದಲ್ಲಿ ಇದಕ್ಕೆಂದೇ ಒಂದು ವಿಭಾಗ ಬೆಳೆಯಿತು. ಜೋಶುವಾ ಮೀಡರ್ ಅಲ್ಲಿಯ ದೊಡ್ಡ ಹೆಸರು. 1937ರಲ್ಲಿ ಬಂದ ‘ದಿ ಓಲ್ಡ್ ಮಿಲ್’ ನೋಡಿದರೆ ಆ ವಿಭಾಗ ಏನು ಮಾಡುತ್ತಿತ್ತು ಎಂಬುದು ತಿಳಿಯುತ್ತದೆ. ಪಾಳುಬಿದ್ದ ಗಾಳಿಗಿರಣಿಯೊಂದರ ಮೇಲೆ ರಾತ್ರಿ ಬಂದು ಹೋಗುವ ಬಿರುಗಾಳಿ ಮಳೆಯೇ ಅದರ ಕಥೆ.

ಈ ಕೆಲಸದ ಒಳಗುಟ್ಟು ಅರಿಯಲು ಒಂದು ದೃಶ್ಯ ಇಟ್ಟುಕೊಳ್ಳೋಣ. ರಾತ್ರಿ. ಸೂರಿನ ಕೆಳಗೆ ಮೂರು ಕಲ್ಲಿನ ಒಲೆ ಉರಿಯುತ್ತಿದೆ, ಪಕ್ಕದಲ್ಲಿ ಹುಡುಗಿಯೊಬ್ಬಳು ಕೂತಿದ್ದಾಳೆ. ಆಚೆ ಅಂಗಳದಲ್ಲಿ ಮಳೆ, ಅಂಗಳದ ತಗ್ಗಿನಲ್ಲಿ ನಿಂತ ನೀರು. ನಾಲ್ಕು ಸೆಕೆಂಡಿನ ದೃಶ್ಯ. ಸೆಕೆಂಡಿಗೆ 24 ಫ್ರೇಮ್‌ನಂತೆ 96 ಫ್ರೇಮ್. ಹುಡುಗಿ ಅಲುಗಾಡುವುದೇ ಇಲ್ಲ ಎಂದರೂ ಉಳಿದುದೆಲ್ಲ ಚಲಿಸುತ್ತಲೇ ಇರಬೇಕು.

ಮೊದಲು ಒಲೆಯ ಬೆಂಕಿ. ಕಲಿಯುವವರು ಬರೆದ ಬೆಂಕಿ ಸಾಮಾನ್ಯವಾಗಿ ನಿಂತಲ್ಲೇ ಅತ್ತಿತ್ತ ಓಲಾಡುತ್ತದೆ. ನಿಜವಾದ ಜ್ವಾಲೆ ಓಲಾಡುವುದಿಲ್ಲ, ಮೇಲಕ್ಕೆ ಹರಿಯುತ್ತದೆ. ಬಿಸಿಯಾದ ಅನಿಲ ಏರುವಾಗ ಎರಡೂ ಪಕ್ಕದಿಂದ ತಣ್ಣನೆಯ ಗಾಳಿ ನುಗ್ಗಿ ಜ್ವಾಲೆಯ ಅಂಚನ್ನು ಒಳಕ್ಕೆ ಒತ್ತುತ್ತದೆ. ಅಲ್ಲಿ ಒಂದು ಕಚ್ಚು ಬೀಳುತ್ತದೆ. ಆ ಕಚ್ಚು ಜ್ವಾಲೆಯ ಜೊತೆಗೇ ಏರುತ್ತ ಆಳವಾಗುತ್ತದೆ. ತುದಿ ತಲುಪುವ ಹೊತ್ತಿಗೆ ನಾಲಗೆಯ ಕುತ್ತಿಗೆಯನ್ನೇ ಕತ್ತರಿಸುತ್ತದೆ. ಕಡಿದುಹೋದ ತುಂಡು ಮುಂದಿನ ಎರಡು ಮೂರು ಚಿತ್ರಗಳಲ್ಲಿ ಕುಗ್ಗಿ ಇಲ್ಲವಾಗುತ್ತದೆ. ಆದ್ದರಿಂದ ಬರೆದ ಬೆಂಕಿ ಸರಿಯಿದೆಯೇ ಎಂದು ನೋಡಲು ಬುಡದ ಬಳಿಯ ಒಂದು ಕಚ್ಚಿನ ಮೇಲೆ ಬೆರಳಿಟ್ಟು ಹಾಳೆ ತಿರುವಬೇಕು. ಪ್ರತಿ ಹಾಳೆಯಲ್ಲೂ ಬೆರಳು ಮೇಲಕ್ಕೇ ಹೋಗಬೇಕು, ತುದಿಯ ಹತ್ತಿರ ಹೆಜ್ಜೆ ದೊಡ್ಡದಾಗಬೇಕು. ಕಚ್ಚು ಕೆಳಗಿಳಿದರೆ ಅಥವಾ ನಡುವೆ ಮಾಯವಾದರೆ ಬೆಂಕಿ ಬರೀ ಮಿಣಮಿಣ ಎನ್ನುತ್ತದೆಯೇ ಹೊರತು ಉರಿಯುವುದಿಲ್ಲ.

96 ಫ್ರೇಮ್‌ಗೂ ಹೊಸ ಚಿತ್ರ ಬರೆಯಲು ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ಕೆಲವೇ ಚಿತ್ರಗಳನ್ನು ಸುತ್ತಿ ಸುತ್ತಿ ಓಡಿಸುತ್ತಾರೆ; ಇದಕ್ಕೆ ಸೈಕಲ್ ಎನ್ನುತ್ತಾರೆ. ಎಂಟು ಚಿತ್ರ ಬರೆದು, ಒಂದೊಂದನ್ನೂ ಎರಡು ಫ್ರೇಮ್ ಹಿಡಿದರೆ 16 ಫ್ರೇಮ್‌ಗೆ ಒಂದು ಸುತ್ತು. ನಮ್ಮ ದೃಶ್ಯದಲ್ಲಿ ಅದು ಆರು ಸಲ ಮರಳಿ ಬರುತ್ತದೆ, ಮೂರನೆಯ ಸುತ್ತಿಗೇ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಒಮ್ಮೆ ಹಿಡಿದ ಮೇಲೆ ನೋಡುಗನಿಗೆ ಬೆಂಕಿ ಕಾಣುವುದಿಲ್ಲ, ಯಂತ್ರ ಕಾಣುತ್ತದೆ.

ಇದಕ್ಕೆ ನನಗೆ ಅತ್ಯಂತ ಇಷ್ಟವಾದ ಪರಿಹಾರ ಶುದ್ಧ ಲೆಕ್ಕಾಚಾರದ್ದು. ಜ್ವಾಲೆಯನ್ನು ಎರಡು ಪದರ ಮಾಡಿ. ಹೊರಗಿನ ಕಿತ್ತಳೆ ಬಣ್ಣದ್ದಕ್ಕೆ ಒಂಬತ್ತು ಚಿತ್ರ, ಒಳಗಿನ ಹಳದಿಗೆ ಏಳು. ಎರಡೆರಡು ಫ್ರೇಮ್ ಹಿಡಿದಾಗ ಒಂದು 18 ಫ್ರೇಮ್‌ಗೆ ಸುತ್ತುತ್ತದೆ, ಇನ್ನೊಂದು 14ಕ್ಕೆ. ಎರಡೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬರುವುದು 126 ಫ್ರೇಮ್ ಆದ ಮೇಲೆ. ದೃಶ್ಯ 96ಕ್ಕೇ ಮುಗಿಯುತ್ತದೆ. ಬರೆದದ್ದು ಹದಿನಾರೇ ಚಿತ್ರ, ಆದರೆ ಪರದೆಯ ಮೇಲೆ ಅದೇ ಜೋಡಿ ಮರಳಿ ಶುರುವಾಗುವುದೇ ಇಲ್ಲ. ಒಂದು ಎಚ್ಚರಿಕೆ ಬೇಕು: ಹೊರಗಿನ ಪದರ ಎಷ್ಟೇ ಕಿರಿದಾದಾಗಲೂ ಒಳಗಿನದು ಅದರ ಗೆರೆ ದಾಟಬಾರದು. ಅದಕ್ಕೇ ಹಳದಿ ಪದರವನ್ನು ಬೇಕಾದುದಕ್ಕಿಂತ ಸ್ವಲ್ಪ ಗಿಡ್ಡವಾಗಿಯೇ ಬರೆಯುವುದು ಒಳ್ಳೆಯದು.

ಹೊಗೆಯ ಸ್ವಭಾವ ಬೇರೆ. ಅದು ನಿಧಾನ, ಉರುಳುತ್ತ ಏರುತ್ತದೆ. ಒಂದೊಂದು ಉಂಡೆಯೂ ನಡುವಿನಿಂದ ಮೇಲೆದ್ದು ಅಂಚಿನಲ್ಲಿ ಹೊರಕ್ಕೆ ಹೊರಳಿ ಕೆಳಗೆ ಮಡಚಿಕೊಳ್ಳುತ್ತದೆ. ಇಲ್ಲಿ ಎಡವುವುದು ಕೊನೆಯಲ್ಲಿ. ಇಡೀ ಹೊಗೆಯ ಪದರವನ್ನೇ ಸಮನಾಗಿ ಮಸುಕು ಮಾಡಿದರೆ ಅದು ಚದುರಿದಂತೆ ಕಾಣುವುದಿಲ್ಲ, ಯಾರೋ ಸ್ವಿಚ್ ಆರಿಸಿದಂತೆ ಕಾಣುತ್ತದೆ. ಹೊಗೆಯ ಮೈಯಲ್ಲಿ ಮೊದಲು ತೂತು ಬೀಳಬೇಕು, ತೂತುಗಳು ಅಗಲವಾಗಿ ಹೊಗೆ ತುಂಡಾಗಬೇಕು, ಆ ತುಂಡುಗಳು ಸಣ್ಣ ಎಳೆಗಳಾಗಿ ಮುಗಿಯಬೇಕು.

ಹೊಗೆಯ ಹಿಂದಿನದು ಕಾಣುವಂತೆ ಮಾಡುವುದು ಈಗ ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿದಷ್ಟು ಸುಲಭ. ಪಾರದರ್ಶಕ ಸೆಲ್ ಹಾಳೆಯ ಕಾಲದಲ್ಲಿ ಅದೇ ಫಿಲ್ಮನ್ನು ಕ್ಯಾಮೆರಾದಲ್ಲಿ ಎರಡು ಸಲ ಓಡಿಸುತ್ತಿದ್ದರು. ಹೊಗೆಯ ಸೆಲ್ ಇಟ್ಟು ಅರ್ಧ ಬೆಳಕು ಕೊಟ್ಟು ಒಮ್ಮೆ, ಫಿಲ್ಮ್ ಹಿಂದಕ್ಕೆ ಸುತ್ತಿ ಹೊಗೆ ತೆಗೆದು ಉಳಿದ ಬೆಳಕು ಕೊಟ್ಟು ಇನ್ನೊಮ್ಮೆ. ಪದರಗಳಿಗೂ ಮಿತಿ ಇತ್ತು. ಸೆಲ್ ಪೂರ್ತಿ ಸ್ವಚ್ಛವಲ್ಲ. ಒಂದರ ಮೇಲೊಂದು ಇಟ್ಟಂತೆ ಕೆಳಗಿನ ಬಣ್ಣ ಮಂಕಾಗುತ್ತದೆ. ನಾಲ್ಕೈದು ಹಾಳೆ ದಾಟುವುದು ಕಷ್ಟವಾಗಿತ್ತು.

ಮಳೆಗೆ ಕಡಿಮೆಯೆಂದರೂ ಎರಡು ಪದರ ಬೇಕು: ಹತ್ತಿರದ ಮಳೆ ಹುಡುಗಿಯ ಮುಂದೆ, ದೂರದ್ದು ಅವಳ ಹಿಂದೆ. ಪರದೆಯ ಎತ್ತರ 1080 ಪಿಕ್ಸೆಲ್ ಎಂದುಕೊಳ್ಳಿ. ಹತ್ತಿರದ ಹನಿ ಆರು ಫ್ರೇಮ್‌ನಲ್ಲಿ ಪರದೆ ದಾಟಿದರೆ ಫ್ರೇಮ್‌ಗೆ 180 ಪಿಕ್ಸೆಲ್ ಇಳಿಯುತ್ತದೆ. ದೂರದ್ದು ಹದಿನೆಂಟು ಫ್ರೇಮ್ ತೆಗೆದುಕೊಂಡರೆ 60. ಹನಿಯ ಗೆರೆ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಬೇಕು. ತೀರಾ ಗಿಡ್ಡವಾದರೆ ಎರಡು ಚಿತ್ರಗಳ ನಡುವೆ ಬಿಡುವು ಉಳಿದು, ಹನಿ ಬೀಳುವ ಬದಲು ಚುಕ್ಕಿ ಜಿಗಿದಂತಾಗುತ್ತದೆ. ಇನ್ನೂ ವಿಚಿತ್ರವಾದ ಎಡವಟ್ಟೊಂದಿದೆ. ಹನಿಗಳನ್ನು ಒಂದರ ಕೆಳಗೊಂದು ಸರಿಯಾಗಿ 180 ಪಿಕ್ಸೆಲ್ ಅಂತರದಲ್ಲಿ ಬರೆದರೆ, ಪ್ರತಿ ಹನಿಯೂ ಮುಂದಿನ ಫ್ರೇಮ್‌ನಲ್ಲಿ ಕೆಳಗಿನ ಹನಿಯ ಜಾಗಕ್ಕೇ ಬಂದು ನಿಲ್ಲುತ್ತದೆ. ಮಳೆ ಗಾಳಿಯಲ್ಲೇ ನಿಂತುಬಿಡುತ್ತದೆ! ಅಂತರಗಳು ಅಡ್ಡಾದಿಡ್ಡಿ ಇರಬೇಕು, ಗೆರೆಗಳ ಓರೆಯಲ್ಲೂ ತುಸು ವ್ಯತ್ಯಾಸ ಬೇಕು.

ಕೊನೆಗೆ ನಿಂತ ನೀರಿನ ಮೇಲಿನ ಉಂಗುರಗಳು. ಒಂದು ಉಂಗುರಕ್ಕೆ ಹನ್ನೆರಡು ಚಿತ್ರ ಸಾಕು. ಮೊದಲು ಬೇಗ ಹಿಗ್ಗಿ, ಆಮೇಲೆ ನಿಧಾನವಾಗಿ, ಗೆರೆ ತೆಳ್ಳಗಾಗಿ, ಅಲ್ಲಲ್ಲಿ ತುಂಡಾಗಿ ಅಳಿಸಿಹೋಗುತ್ತದೆ. ಅದನ್ನೇ ನಕಲು ಮಾಡಿ, ಬೇರೆ ಬೇರೆ ಫ್ರೇಮ್‌ನಿಂದ ಶುರುವಾಗುವಂತೆ ನೀರಿನ ತುಂಬ ಹಾಕುತ್ತಾರೆ. ತಪ್ಪು ನುಸುಳುವುದು ಇಲ್ಲೇ. ದೂರದ ಉಂಗುರ ಚಿಕ್ಕದಾಗಬೇಕೆಂದು ಎಲ್ಲರಿಗೂ ಗೊತ್ತು, ಹಾಗೆಂದು ಬರೀ ಕುಗ್ಗಿಸಿ ಇಡುತ್ತಾರೆ. ಆದರೆ ನೀರು ದೂರ ಹೋದಷ್ಟೂ ನಮ್ಮ ನೋಟ ಅದಕ್ಕೆ ಇನ್ನಷ್ಟು ಓರೆಯಾಗಿ ತಾಗುತ್ತದೆ. ಹಾಗಾಗಿ ಉಂಗುರ ಚಿಕ್ಕದಾಗುವುದರ ಜೊತೆಗೆ ಚಪ್ಪಟೆಯೂ ಆಗಬೇಕು. ಹತ್ತಿರದ್ದರ ಅಗಲ ಎತ್ತರದ ಮೂರು ಪಟ್ಟು ಇದ್ದರೆ, ದೂರದ್ದರ ಅಗಲ ಆರೇಳು ಪಟ್ಟು ಆದೀತು. ಅದಿಲ್ಲದಿದ್ದರೆ ನೀರು ನೆಲದ ಮೇಲೆ ಮಲಗುವುದಿಲ್ಲ, ಗೋಡೆಯಂತೆ ಎದ್ದು ನಿಲ್ಲುತ್ತದೆ.

ಇಲ್ಲಿ ಹೇಳಿದ್ದೆಲ್ಲ ನೀರು, ಬೆಂಕಿಯನ್ನು ಪಾತ್ರದಿಂದ ಬೇರ್ಪಡಿಸಿ ಪದರದಲ್ಲಿ ಇಡುವ ಕ್ರಮ. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಹಯಾವೊ ಮಿಯಾಝಾಕಿ 2008ರಲ್ಲಿ ಮಾಡಿದ ‘ಪೊನ್ಯೊ’ದಲ್ಲಿ ಅಲೆಗಳಿಗೂ ಪಾತ್ರಗಳಂತೆ ಹೊರಗೆರೆ ಇದೆ, ಕಣ್ಣೂ ಇದೆ, ಅವು ದೈತ್ಯ ಮೀನುಗಳಾಗಿ ರಸ್ತೆಯ ಪಕ್ಕದಲ್ಲಿ ಓಡುತ್ತವೆ. ಆ ಚಿತ್ರಕ್ಕೆ ಕೈಯಲ್ಲಿ ಬರೆದ ಹಾಳೆಗಳು ಸುಮಾರು 1,70,000.