ಬರಬೇಕಾದವರು ಬಾರದಿದ್ದಾಗ ವೇದಿಕೆಯಿಂದ ಏನು ಹೇಳಬೇಕು

ತಾಲ್ಲೂಕು ಕೇಂದ್ರವೊಂದರಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ದತ್ತಿ ಉಪನ್ಯಾಸ ಇದೆ ಎಂದುಕೊಳ್ಳಿ. ವಿಷಯ: ಶಾಸನಗಳಲ್ಲಿ ಕೆರೆಗಳು. ಉಪನ್ಯಾಸಕರು ನಾಡಿಗೆಲ್ಲ ಗೊತ್ತಿರುವ ವಿದ್ವಾಂಸರು. ಆಮಂತ್ರಣ ಪತ್ರಿಕೆ ಹಂಚಿ ವಾರವಾಗಿದೆ, ಸಭಾಂಗಣದ ಬಾಗಿಲಲ್ಲಿ ಅವರ ಭಾವಚಿತ್ರವಿರುವ ಫ್ಲೆಕ್ಸ್ ಕಟ್ಟಿದ್ದಾರೆ. ಎಂಟೂಕಾಲಿಗೆ ಫೋನ್ ಬರುತ್ತದೆ. ರಾತ್ರಿಯಿಂದ ಜ್ವರ, ಪ್ರಯಾಣ ಮಾಡುವ ಹಾಗಿಲ್ಲ. ಕಾರ್ಯಕ್ರಮ ಮುಂದೂಡೋಣವೆಂದರೆ ಹಳ್ಳಿಗಳಿಂದ ಬರುವವರು ಆಗಲೇ ಬಸ್ಸು ಹತ್ತಿರುತ್ತಾರೆ.

ಬದಲಿ ಉಪನ್ಯಾಸಕರು ಸಾಮಾನ್ಯವಾಗಿ ಸಿಗುತ್ತಾರೆ. ಕೆಡುವುದು ಅವರನ್ನು ಸಭೆಗೆ ಒಪ್ಪಿಸುವ ಎರಡು ನಿಮಿಷಗಳಲ್ಲಿ. ಬದಲಾವಣೆಯನ್ನು ಸ್ವಾಗತ ಭಾಷಣದ ಯಾವುದೋ ಮೂಲೆಯಲ್ಲಿ ತೂರಿಸಿ ಮುಂದೆ ಹೋಗುವ ನಿರೂಪಕರಿದ್ದಾರೆ. ಕ್ಷಮೆ ಕೇಳಿ ಕೇಳಿ, ಈಗ ಕೇಳಲಿರುವ ಮಾತು ಕೇಳಲು ಯೋಗ್ಯವಲ್ಲ ಎಂಬ ಭಾವನೆಯನ್ನು ಸಭಿಕರ ತಲೆಯಲ್ಲಿ ಕೂರಿಸುವವರೂ ಇದ್ದಾರೆ. ಎರಡರಲ್ಲೂ ಪೆಟ್ಟು ಬೀಳುವುದು ಎರಡು ಗಂಟೆ ಮೊದಲು ಒಪ್ಪಿಕೊಂಡು ಬಂದ ಆ ಮನುಷ್ಯರಿಗೆ.

ಆ ಎರಡು ನಿಮಿಷದ ಮಾತು ಸಿದ್ಧವಾಗುವುದು ಫೋನಿನಲ್ಲಿ. ಬರಲಾಗದವರು ಕರೆ ಮಾಡಿದಾಗಲೇ ಒಂದು ಪ್ರಶ್ನೆ ಕೇಳಿಬಿಡಬೇಕು: ‘ಸಭೆಯಲ್ಲಿ ಏನು ಹೇಳಲಿ ಸಾರ್?’ ಜ್ವರ ಎಂದು ಹೇಳಬಹುದೆ, ಬರೀ ಆರೋಗ್ಯ ಸರಿಯಿಲ್ಲ ಎಂದರೆ ಸಾಕೆ, ಮನೆಯ ತೊಂದರೆಯಾಗಿದ್ದರೆ ಎಷ್ಟು ಹೇಳಬಹುದು ಎಂದು ತೀರ್ಮಾನಿಸುವವರು ಅವರೇ. ಅವರು ಒಪ್ಪಿದಷ್ಟನ್ನು ಒಂದೇ ವಾಕ್ಯದಲ್ಲಿ ನೇರವಾಗಿ ಹೇಳಿದರೆ ಸಭೆ ನಂಬುತ್ತದೆ. ‘ಅನಿವಾರ್ಯ ಕಾರಣಗಳಿಂದ’ ಎಂಬ ಮಾತನ್ನು ನಮ್ಮ ಜನ ಎಷ್ಟು ಸಲ ಕೇಳಿದ್ದಾರೆಂದರೆ, ಅದು ಕಿವಿಗೆ ಬಿದ್ದ ಕೂಡಲೇ ಪಕ್ಕದವರ ಕಡೆ ತಿರುಗಿ ನಿಜವಾದ ಕಾರಣ ಊಹಿಸತೊಡಗುತ್ತಾರೆ. ಸಂಘಟಕರ ಜೊತೆ ಮುನಿಸಂತೆ, ಕಾರು ಕಳಿಸಲಿಲ್ಲವಂತೆ ಎಂದು ಶುರುವಾದ ಮಾತು ಉಪನ್ಯಾಸ ಮುಗಿಯುವವರೆಗೂ ನಿಲ್ಲುವುದಿಲ್ಲ.

ಎರಡನೆಯ ಕರೆ ಬದಲಿ ಉಪನ್ಯಾಸಕರಿಗೆ. ದತ್ತಿ ಉಪನ್ಯಾಸಗಳಲ್ಲಿ ಇನ್ನೊಂದು ಕಟ್ಟುಪಾಡಿರುತ್ತದೆ. ದತ್ತಿ ಇಟ್ಟವರು ಎಷ್ಟೋ ಸಲ ವಿಷಯದ ವ್ಯಾಪ್ತಿಯನ್ನೂ ಗೊತ್ತುಮಾಡಿರುತ್ತಾರೆ, ಹಾಗಾಗಿ ಬದಲಿಯಾಗಿ ಬಂದವರು ತಮಗೆ ತೋಚಿದ್ದನ್ನು ಮಾತಾಡುವ ಹಾಗಿಲ್ಲ. ನಮ್ಮ ಈ ಉದಾಹರಣೆಯಲ್ಲಿ ಸಿಕ್ಕವರು ಅದೇ ಊರಿನ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಸುತ್ತಲಿನ ಹಳ್ಳಿಗಳ ಶಾಸನಗಳನ್ನು ತಿರುಗಿ ತಿರುಗಿ ಓದಿದವರು. ಒಪ್ಪಿಕೊಂಡ ಮೇಲೆ ಅವರಿಂದ ಸ್ವವಿವರ ಕೇಳುವುದು ರೂಢಿ. ನಾನಾದರೆ ಅದರ ಬದಲು ಇದನ್ನು ಕೇಳುತ್ತೇನೆ:

‘ಮೇಷ್ಟ್ರೇ, ಈ ವಿಷಯದಲ್ಲಿ ನೀವೇ ಕಣ್ಣಾರೆ ಕಂಡಿದ್ದು, ಬೇರೆಯವರು ಹೇಳೋಕಾಗದೇ ಇರೋದು ಏನಾದ್ರೂ ಇದೆಯಾ?’

‘ಇದೆಯಲ್ಲಪ್ಪ. ನಮ್ಮ ದೊಡ್ಡಕೆರೆ ತೂಬಿನ ಪಕ್ಕ ಹೆಂಗಸರು ಬಟ್ಟೆ ಒಗೀತಾರಲ್ಲ ಆ ಕಲ್ಲು, ಅದು ಶಾಸನ. ಮಧ್ಯಾಹ್ನ ಹೋದ್ರೆ ಒಂದಕ್ಷರಾನೂ ಕಾಣಲ್ಲ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡು, ಸಾಲು ಸಾಲೇ ಎದ್ದು ಬರುತ್ತೆ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಗದ್ದೆ ಲೆಕ್ಕ ಇದೆ ಅದರಲ್ಲಿ.’

ಪರಿಚಯಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಹೀಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ ಕಟ್ಟುಕೊಡಗೆ ಎನ್ನುತ್ತಾರೆ. ವಿದ್ವಾಂಸರು ಬಂದಿದ್ದರೆ ನಾಡಿನುದ್ದಗಲದ ಕಟ್ಟುಕೊಡಗೆಗಳ ಬಗ್ಗೆ ಮಾತಾಡುತ್ತಿದ್ದರು. ಮೇಷ್ಟ್ರು ನಮ್ಮೂರಿನ ಒಂದು ಕಲ್ಲಿನಿಂದ ಶುರುಮಾಡುತ್ತಾರೆ. ವಿಷಯ ಅದೇ ಇದೆ, ವ್ಯಾಪ್ತಿ ಚಿಕ್ಕದಾಗಿದೆ, ಹತ್ತಿರಕ್ಕೆ ಬಂದಿದೆ. ಸಭೆಗೆ ತಿಳಿಸಬೇಕಾದ ನಿಜವಾದ ಬದಲಾವಣೆ ಇದೇ.

ಮೈಕು ಹಿಡಿಯುವ ಮೊದಲು ಕಾಗದಗಳ ಕೆಲಸವೊಂದಿದೆ. ನಮ್ಮ ಸಭೆಗಳಲ್ಲಿ ಸ್ವಾಗತ ಒಬ್ಬರದು, ನಿರೂಪಣೆ ಇನ್ನೊಬ್ಬರದು, ಅತಿಥಿ ಪರಿಚಯ ಮತ್ತೊಬ್ಬರದು, ವಂದನಾರ್ಪಣೆ ಮಗದೊಬ್ಬರದು. ಪ್ರತಿಯೊಬ್ಬರ ಜೇಬಿನಲ್ಲೂ ಹಿಂದಿನ ದಿನ ಬರೆದಿಟ್ಟ ಚೀಟಿ ಇರುತ್ತದೆ. ನಿರೂಪಕರು ಬದಲಾವಣೆ ತಿಳಿಸಿ ಐದು ನಿಮಿಷ ಆಗಿರುವುದಿಲ್ಲ, ಸ್ವಾಗತ ಕೋರುವವರು ಚೀಟಿ ನೋಡಿಕೊಂಡು ಬಾರದವರನ್ನೇ ಹಾರ್ದಿಕವಾಗಿ ಸ್ವಾಗತಿಸುತ್ತಾರೆ. ಸಭೆ ನಗುತ್ತದೆ, ವೇದಿಕೆಯ ಮೇಲೆ ಕೂತ ಮೇಷ್ಟ್ರು ತಲೆ ತಗ್ಗಿಸುತ್ತಾರೆ. ಆದ್ದರಿಂದ ಎಲ್ಲರ ಚೀಟಿಯನ್ನೂ ಈಸಿಕೊಂಡು ಹೆಸರು ಹೊಡೆದು ಹೊಸದನ್ನು ಕೈಯಾರೆ ಬರೆದುಕೊಡಬೇಕು, ಮೇಜಿನ ಮೇಲಿನ ಹೆಸರಿನ ಫಲಕ ಬದಲಿಸಬೇಕು. ಫ್ಲೆಕ್ಸ್ ಬಿಚ್ಚುವ ಅಗತ್ಯವಿಲ್ಲ. ಅದರ ಪಕ್ಕದಲ್ಲೇ ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬದಲಾವಣೆ ಬರೆದು ಅಂಟಿಸಿದರೆ ಸಾಕು. ಆ ವಿದ್ವಾಂಸರನ್ನು ನೋಡಲೆಂದೇ ಬಂದವರು ಬಾಗಿಲಲ್ಲೇ ಓದಿಕೊಂಡು, ಇರಬೇಕೋ ಹೋಗಬೇಕೋ ಎಂದು ತಾವೇ ತೀರ್ಮಾನಿಸಬಹುದು. ಒಳಗೆ ಕೂರಿಸಿ ಒಂದು ಗಂಟೆ ಆದ ಮೇಲೆ ಹೇಳುವುದು ಅವರ ಸಮಯಕ್ಕೆ ಮಾಡುವ ಮೋಸ.

ಈಗ ವೇದಿಕೆಗೆ ಬರೋಣ. ನನ್ನ ತಿಳಿವಳಿಕೆಯಲ್ಲಿ ಈ ಮಾತನ್ನು ಎರಡು ಕಂತಿನಲ್ಲಿ ಹೇಳಬೇಕು. ಸುದ್ದಿಯನ್ನು ಪ್ರಾರ್ಥನೆಯಾದ ಕೂಡಲೇ, ಸ್ವಾಗತಕ್ಕೂ ಮೊದಲು ಹೇಳಬೇಕು. ಪರಿಚಯವನ್ನು ಉಪನ್ಯಾಸದ ಮುಂಚೆ ಮಾಡಬೇಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಬಾರದವರ ಬಗೆಗಿನ ನಿರಾಸೆಯೂ ಬಂದವರ ಹೆಸರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ಎಂದು ಕಾಲು ಗಂಟೆ ಸಿಕ್ಕರೆ ನಿರಾಸೆ ತಾನಾಗಿ ಇಳಿಯುತ್ತದೆ.

ಮೊದಲ ಕಂತು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಡ. ‘ಒಂದು ಬದಲಾವಣೆ ತಿಳಿಸಬೇಕು. ಆಮಂತ್ರಣದಲ್ಲಿ ಹೆಸರಿರುವ ಉಪನ್ಯಾಸಕರಿಗೆ ನಿನ್ನೆ ರಾತ್ರಿಯಿಂದ ಜ್ವರ. ಇವತ್ತು ಅವರು ಬರುತ್ತಿಲ್ಲ. ನಮಗೆ ತಿಳಿದದ್ದು ಬೆಳಿಗ್ಗೆ ಎಂಟೂಕಾಲಿಗೆ. ಅವರ ಮಾತು ಕೇಳಲೆಂದು ದೂರದಿಂದ ಬಂದವರಿದ್ದೀರಿ, ನಿಮಗೆ ಮುಂಚೆ ತಿಳಿಸಲು ಆಗಲಿಲ್ಲ, ಕ್ಷಮಿಸಿ. ವಿಷಯ ಬದಲಾಗಿಲ್ಲ. ಅದನ್ನು ಕುರಿತು ನಮ್ಮೂರಿನವರೇ ಒಬ್ಬರು ಮಾತಾಡಲಿದ್ದಾರೆ.’ ಇಲ್ಲಿಗೆ ನಿಲ್ಲಿಸಬೇಕು. ಕ್ಷಮೆ ಒಂದೇ ಸಲ, ಅದೂ ಮುಂಚೆ ತಿಳಿಸದೇ ಇದ್ದದ್ದಕ್ಕೆ ಮಾತ್ರ. ಬದಲಿ ಉಪನ್ಯಾಸಕರನ್ನು ಕರೆದದ್ದಕ್ಕೆ ಕ್ಷಮೆ ಕೇಳುವ ಹಾಗಿಲ್ಲ. ಬಾರದವರ ಪುಸ್ತಕ, ಪ್ರಶಸ್ತಿಗಳ ಪಟ್ಟಿಯನ್ನು ಇಲ್ಲಿ ಓದಲೂಬಾರದು, ಕಳೆದುಕೊಂಡದ್ದೇನು ಎಂದು ಸಭೆಗೆ ಲೆಕ್ಕ ಕೊಟ್ಟಂತಾಗುತ್ತದೆ.

ಎರಡನೆಯ ಕಂತಿಗೆ ಒಂದು ನಿಮಿಷ ಸಾಕು. ಅಲ್ಲಿ ಬಾರದವರ ಹೆಸರು ಬರಲೇಬಾರದು. ‘ದೊಡ್ಡಕೆರೆಯ ತೂಬಿನ ಹತ್ತಿರ ಬಟ್ಟೆ ಒಗೆಯುವ ಒಂದು ಕಲ್ಲಿದೆ. ನಮ್ಮಲ್ಲಿ ಎಷ್ಟೋ ಜನ ಅದರ ಮೇಲೆ ಕೂತಿದ್ದೇವೆ. ಆ ಕಲ್ಲಿನ ಮೇಲೆ ಬರಹವಿದೆ. ಮಧ್ಯಾಹ್ನ ಅದು ಕಾಣುವುದಿಲ್ಲ, ಸಂಜೆಯ ಓರೆ ಬಿಸಿಲಿಗೆ ಕಾಣುತ್ತದೆ. ಈ ಕೆರೆ ಕಟ್ಟಿಸಿದವನಿಗೆ ಊರಿನವರು ಏನು ಕೊಟ್ಟರು ಎಂಬುದು ಅದರಲ್ಲಿದೆ. ಅದನ್ನು ಓದಿದವರು ನಮ್ಮ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು.’ ಇಷ್ಟಾದ ಮೇಲೆ ಹೆಸರು, ಹೆಸರಿನ ಬೆನ್ನಿಗೇ ಚಪ್ಪಾಳೆಗೆ ಜಾಗ. ನಿರೂಪಕರು ಮೈಕಿನಿಂದ ಸರಿದುಬಿಡಬೇಕು. ಕಟ್ಟುಕೊಡಗೆ ಎಂಬ ಮಾತನ್ನು ನಿರೂಪಕರು ಎತ್ತಬಾರದು, ಅದು ಮೇಷ್ಟ್ರ ಬಾಯಲ್ಲಿ ಬರಬೇಕಾದದ್ದು.

‘ಅವರಷ್ಟೇ ದೊಡ್ಡ ವಿದ್ವಾಂಸರು ಇವರು’ ಎಂಬ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದನ್ನು ಕೇಳಿದ ಕ್ಷಣದಿಂದ ಸಭೆ ಅಳೆಯಲು ಶುರುಮಾಡುತ್ತದೆ. ‘ಕೊನೇ ಗಳಿಗೆಯಲ್ಲಿ ಒಪ್ಪಿಕೊಂಡು ನಮ್ಮ ಮಾನ ಉಳಿಸಿದರು’ ಎಂಬುದೂ ಅಷ್ಟೇ. ಅದು ಉಪಕಾರ ಸ್ಮರಣೆ, ವಂದನಾರ್ಪಣೆಗೆ ಸೇರಿದ ಮಾತು. ಪರಿಚಯದಲ್ಲಿ ಬಂದರೆ ‘ತಯಾರಿ ಇಲ್ಲದೆ ಬಂದಿದ್ದಾರೆ’ ಎಂದೇ ಕೇಳಿಸುತ್ತದೆ.

ಇಂಥ ಘೋಷಣೆಯ ಪ್ರಸಿದ್ಧ ಉದಾಹರಣೆಯೊಂದು ಸಂಗೀತ ಲೋಕದಲ್ಲಿದೆ. 1943ರ ನವೆಂಬರ್ 14ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಬ್ರೂನೋ ವಾಲ್ಟರ್ ನಡೆಸಬೇಕಿತ್ತು. ಅವರಿಗೆ ಜ್ವರ ಬಂತು. ಕಾರ್ಯಕ್ರಮ ರೇಡಿಯೊದಲ್ಲಿ ದೇಶಕ್ಕೆಲ್ಲ ಪ್ರಸಾರವಾಗುವುದಿತ್ತು. ಸಹಾಯಕ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್‌ಗೆ ಆಗ 25 ವರ್ಷ, ಹೆಸರು ಕೇಳಿದವರು ಕಡಿಮೆ, ತಾಲೀಮಿಗೆ ಸಮಯವೇ ಇರಲಿಲ್ಲ. ವಾದ್ಯವೃಂದದ ಆಡಳಿತ ನೋಡುತ್ತಿದ್ದ ಬ್ರೂನೋ ಜಿರಾಟೊ ವೇದಿಕೆಗೆ ಬಂದು, ವಾಲ್ಟರ್ ಅವರಿಗೆ ಅನಾರೋಗ್ಯವೆಂದು ತಿಳಿಸಿ, ಇದೇ ದೇಶದಲ್ಲಿ ಹುಟ್ಟಿ ಇಲ್ಲೇ ಕಲಿತು ಬೆಳೆದ ನಿರ್ದೇಶಕನೊಬ್ಬನ ಮೊದಲ ಪ್ರವೇಶವನ್ನು ನೀವು ನೋಡಲಿದ್ದೀರಿ ಎಂದರು. ಅಮೆರಿಕದ ದೊಡ್ಡ ವಾದ್ಯವೃಂದಗಳನ್ನು ಹೆಚ್ಚಾಗಿ ಯುರೋಪಿನವರೇ ನಡೆಸುತ್ತಿದ್ದ ಕಾಲ ಅದು, ಆದ್ದರಿಂದ ಸಭಿಕರಿಗೆ ಆ ಒಂದು ಮಾತಿನ ತೂಕ ಗೊತ್ತಿತ್ತು. ಕಾರಣ ಮುಚ್ಚಿಡಲಿಲ್ಲ, ವಾಲ್ಟರ್‌ಗೆ ಹೋಲಿಸಲಿಲ್ಲ, ಹೊಸಬನ ಬಗ್ಗೆ ಆ ಸಭೆಗೆ ಮುಖ್ಯವಾಗಬಲ್ಲ ನಿಜವೊಂದನ್ನು ಮುಂದಿಟ್ಟರು. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಆ ಕಛೇರಿಯ ಸುದ್ದಿ ಇತ್ತು. ಅದು ಬರ್ನ್‌ಸ್ಟೈನ್ ಪ್ರತಿಭೆಯ ಫಲವೇ ಸರಿ, ಆದರೆ ಅವರು ಕೈ ಎತ್ತುವ ಮೊದಲೇ ಸಭೆಗೆ ಕಿವಿಗೊಡಲು ಒಂದು ಕಾರಣ ಸಿಕ್ಕಿತ್ತು.

ಪರಿಚಯ ನಾಟಿತೋ ಇಲ್ಲವೋ ಎಂಬುದು ವೇದಿಕೆಯಿಂದ ಕಾಣುತ್ತದೆ. ಜನ ಇನ್ನೂ ಆಮಂತ್ರಣ ಪತ್ರಿಕೆ ತಿರುವಿ ನೋಡುತ್ತಿದ್ದರೆ ಸುದ್ದಿ ಸ್ಪಷ್ಟವಾಗಿ ತಲುಪಿಲ್ಲ, ಇನ್ನೊಮ್ಮೆ ಹೇಳುವುದೇ ಒಳ್ಳೆಯದು. ಕಲ್ಲಿನ ಮಾತು ಬಂದಾಗ ಹಿಂದಿನ ಸಾಲಿನವರು ಪಕ್ಕದವರಿಗೆ ‘ಅದೇ ಕಣೋ, ತೂಬಿನ ಹತ್ರದ್ದು’ ಎನ್ನುವ ಹಾಗೆ ತಲೆಯಾಡಿಸಿದರೆ ಮೇಷ್ಟ್ರು ಎದ್ದು ನಿಲ್ಲಬಹುದು.

ಇದಕ್ಕೆ ಒಂದು ಮಿತಿ ಇದೆ. ವಿಷಯಕ್ಕಾಗಿ ಬಂದ ಸಭೆಯಲ್ಲಿ ಮಾತ್ರ ಈ ದಾರಿ ನಡೆಯುತ್ತದೆ. ಕವಿ ತಮ್ಮದೇ ಕವಿತೆ ಓದುತ್ತಾರೆಂದು, ನಟರು ತಮ್ಮ ಬದುಕಿನ ಕತೆ ಹೇಳುತ್ತಾರೆಂದು ಬಂದವರ ಮುಂದೆ ಬೇರೆಯವರನ್ನು ನಿಲ್ಲಿಸಿ ಅದೇ ಕಾರ್ಯಕ್ರಮ ಎನ್ನಲಾಗದು. ಅಲ್ಲಿ ಕಾರ್ಯಕ್ರಮ ರದ್ದಾಗಿದೆಯೆಂದೇ ತಿಳಿಸಿ, ಟಿಕೆಟ್ ಇದ್ದರೆ ಹಣ ಮರಳಿಸಿ, ಉಳಿಯಲು ಇಷ್ಟಪಟ್ಟವರಿಗೆ ಬೇರೆ ಹೆಸರಿನಲ್ಲಿ ಬೇರೆ ಕಾರ್ಯಕ್ರಮ ನಡೆಸಬೇಕು. ‘ಮುಂದಿನ ತಿಂಗಳು ಅವರನ್ನು ಕರೆಸುತ್ತೇವೆ’ ಎಂಬ ಭರವಸೆಯನ್ನೂ ಅವರಿಂದ ದಿನಾಂಕ ಸಿಕ್ಕಿದ್ದರೆ ಮಾತ್ರ ಕೊಡಬೇಕು.

ಕೊನೆಗೆ ಉಳಿಯುವುದು ನೆನಪಿನ ಕಾಣಿಕೆಯ ತೊಡಕು. ಅದರ ಮೇಲೆ ಬಾರದವರ ಹೆಸರು ಮೊದಲೇ ಅಚ್ಚಾಗಿರುತ್ತದೆ. ಹೆಸರಿನ ಮೇಲೆ ಕಾಗದ ಅಂಟಿಸಿ ಮೇಷ್ಟ್ರ ಕೈಗೆ ಕೊಡುವುದನ್ನು ಕಂಡಿದ್ದೇನೆ, ಮನೆಗೆ ಹೋಗುವಷ್ಟರಲ್ಲಿ ಆ ಕಾಗದ ಕಿತ್ತುಬರುತ್ತದೆ. ಶಾಲು ಹೊದಿಸಿ, ಹಾರ ಹಾಕಿ, ಒಳ್ಳೆಯದೊಂದು ಪುಸ್ತಕ ಕೊಟ್ಟರೆ ಅಂದಿನ ಗೌರವ ಸಲ್ಲುತ್ತದೆ. ಅವರ ಹೆಸರಿನ ಕಾಣಿಕೆಯನ್ನು ವಾರದೊಳಗೆ ಮಾಡಿಸಿ ಮನೆಗೆ ತಲುಪಿಸಿದರಾಯಿತು, ಉಪನ್ಯಾಸಕರಿಗೆ ಗೊತ್ತುಮಾಡಿದ್ದ ಪೂರ್ತಿ ಸಂಭಾವನೆಯ ಲಕೋಟೆಯನ್ನು ಮಾತ್ರ ಅಂದೇ ಕೊಡಬೇಕು.