ಸಂಘದ ವಾರದ ಸಭೆಗೆ ಹೊಸ ಹೊತ್ತು



ಕತ್ತಲಗೆರೆ ಸುತ್ತಮುತ್ತ ಭದ್ರಾ ನಾಲೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು. ಬೆಳಗ್ಗೆ ಗದ್ದೆಗೆ ಹೋದವರು ಮನೆ ಸೇರೋದು ಸಂಜೆಗೆ. ಆಮೇಲೆ ಅಡಿಕೆ ಸುಲಿಯುವ ಕಾಲ. ಸಂಘ ಕಟ್ಟಿದಾಗ ಬರೆದ 'ಬುಧವಾರ ಮಧ್ಯಾಹ್ನ 3 ಗಂಟೆ' ಮಾತ್ರ ಪುಸ್ತಕದಲ್ಲಿ ಹಾಗೇ ಉಳಿದಿರುತ್ತದೆ.

ಉದಾಹರಣೆಗೆ 16 ಜನರ ಒಂದು ಸಂಘ ಎಂದಿಟ್ಟುಕೊಳ್ಳೋಣ. ಉಳಿತಾಯ ಪೂರ್ತಿ ಜಮಾ ಆಗಿದೆ, ಲೆಕ್ಕ ಸರಿಯಾಗಿದೆ. ಆದರೆ ಸಭೆಗೆ ಬರುವವರು ಏಳೇ ಜನ. ಉಳಿದ ಒಂಬತ್ತು ಮಂದಿ ಹಣವನ್ನು ಪಕ್ಕದ ಮನೆಯವರ ಕೈಲಿ ಕಳಿಸುತ್ತಾರೆ. ಸಾಲ ಯಾರಿಗೆ ಎಂದು ಆ ಏಳು ಜನರೇ ತೀರ್ಮಾನಿಸುತ್ತಾರೆ. ಜಗಳ ಹುಟ್ಟುವುದು ಇಲ್ಲಿಂದ. ಹಾಜರಿ ಪುಸ್ತಕದಲ್ಲಿ ಹಣ ಮಾತ್ರ ಬಂದವರಿಗೆ ಬೇರೆ ಗುರುತು ಹಾಕಿ 12 ವಾರ ನೋಡಿದರೆ ನಿಜ ತಿಳಿಯುತ್ತದೆ.

ಹೊತ್ತು ಬದಲಿಸುವಾಗ 'ಯಾವಾಗ ಅನುಕೂಲ?' ಎಂದು ಕೇಳಿದರೆ ಎಲ್ಲರೂ 'ನೀವು ಹೇಳಿದಾಗ' ಅಂತಾರೆ. ಅತ್ತೆ ಸೊಸೆ ಒಂದೇ ಸಂಘದಲ್ಲಿದ್ದರೆ ಸೊಸೆ ಬಾಯೇ ಬಿಡೋದಿಲ್ಲ. ಅದಕ್ಕೆ ನಾವು 'ಯಾವಾಗ ಬರಲು ಆಗೋದೇ ಇಲ್ಲ?' ಎಂದು ಕೇಳುತ್ತೇವೆ. ಒಳಕೋಣೆಯಲ್ಲಿ ಮೂರು ಮುಚ್ಚಿದ ಡಬ್ಬಿ ಇಡಿ: ಬುಧವಾರ ಮಧ್ಯಾಹ್ನ, ಶುಕ್ರವಾರ ಬೆಳಗ್ಗೆ 7, ಭಾನುವಾರ ರಾತ್ರಿ 7.30. ಒಬ್ಬೊಬ್ಬರೇ ಹೋಗಿ, ತನಗೆ ಆಗದ ಹೊತ್ತಿನ ಡಬ್ಬಿಗೆ ಒಂದು ಹುಣಸೆಬೀಜ ಹಾಕಲಿ. ನಮ್ಮ ಉದಾಹರಣೆಯಲ್ಲಿ ಬುಧವಾರಕ್ಕೆ 9 ಬೀಜ, ಶುಕ್ರವಾರಕ್ಕೆ 6, ಭಾನುವಾರಕ್ಕೆ 2. ಭಾನುವಾರವೇ ಸರಿ. (ಧಾರಾವಾಹಿ ತಪ್ಪುತ್ತದೆ ಅನ್ನೋರಿಗೆ ಬೀಜ ಕೊಡಬೇಡಿ!)

ಆ ಎರಡು ಬೀಜವನ್ನೂ ಮರೆಯುವಂತಿಲ್ಲ. ಆಗೋದಿಲ್ಲ ಅಂದವರು ಆಮೇಲೆ ಪ್ರತಿನಿಧಿಯ ಹತ್ತಿರ ಗುಟ್ಟಾಗಿ ಕಾರಣ ಹೇಳಲಿ. ಊರಾಚೆಯ ಮನೆಯಿಂದ ಕತ್ತಲಲ್ಲಿ ನಡೆದು ಬರಬೇಕಾದವರಿದ್ದರೆ ಸಭೆಯ ಜಾಗವನ್ನೇ ಅವರ ಕಡೆಗೆ ತನ್ನಿ. ಮುಸ್ಲಿಂ ಸದಸ್ಯೆಯರಿದ್ದರೆ ರಂಜಾನ್ ತಿಂಗಳಿಗೆ ಬೇರೆ ಹೊತ್ತು ಈಗಲೇ ಮಾತಾಡಿಕೊಳ್ಳಿ.

ಬದಲಾವಣೆಯನ್ನು ಏಳು ಜನರೇ ಠರಾವು ಮಾಡಿದರೆ ಹಳೆಯ ತಪ್ಪೇ ಮತ್ತೆ. ಒಂದು ರಾತ್ರಿ ವಿಶೇಷ ಸಭೆ ಕರೆಯಿರಿ. 16ರಲ್ಲಿ 11 ಜನವಾದರೂ ಇರಲಿ. ನಡಾವಳಿಯಲ್ಲಿ ಹಳೆಯ ದಿನ, ಹೊಸ ದಿನ, ಜಾಗ, ಯಾವ ತಾರೀಖಿನಿಂದ, ಎಂಟು ವಾರ ಪ್ರಯೋಗ ಎಂದು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಮನೆಮನೆಗೆ ಪುಸ್ತಕ ಹೊತ್ತು ಸಹಿ ತರಬೇಡಿ.

ಇನ್ನು ಹಣದ ಲೆಕ್ಕ. ಕೊನೆಯ ಬುಧವಾರ ಕಳೆದು ನಾಲ್ಕೇ ದಿನಕ್ಕೆ ಭಾನುವಾರ ಬರುತ್ತದೆ. ಅಂದೇ ಸಭೆ ಇಟ್ಟರೆ ಒಂದೇ ವಾರದಲ್ಲಿ ಎರಡು ಉಳಿತಾಯ ಕಟ್ಟಬೇಕು. ಕೂಲಿಯವರಿಗೆ ಅದು ಹೊರೆ. ಅದನ್ನು ಬಿಟ್ಟು ಮುಂದಿನ ಭಾನುವಾರ, ಅಂದರೆ 11ನೇ ದಿನ ಸೇರಿ. ಸೋಮವಾರದಿಂದ ಭಾನುವಾರಕ್ಕೆ ಒಂದು ವಾರ ಎಂದರೆ ಒಂದು ಕಂತೂ ತಪ್ಪೋದಿಲ್ಲ. ಸಾಲದ ಕಂತನ್ನೂ ಅದೇ ಭಾನುವಾರಕ್ಕೆ ತಿದ್ದಿ ಬರೆಯಿರಿ, ಇಲ್ಲವಾದರೆ ಪುಸ್ತಕದಲ್ಲಿ ಎಲ್ಲರೂ ಬಾಕಿದಾರರಂತೆ ಕಾಣುತ್ತಾರೆ. ತಡವಾದ ದಂಡವನ್ನು ಆ ವಾರ ಹಾಕಬೇಡಿ.

ಎಂಟು ವಾರ ಆದಮೇಲೆ ಹಾಜರಿ ಪುಸ್ತಕ ಮತ್ತೆ ತೆರೆಯಿರಿ. ಹಣ ಮಾತ್ರ ಬಂದ ಗುರುತು ಇನ್ನೂ ಅದೇ ಹೆಸರುಗಳ ಮುಂದೆ ಇದ್ದರೆ ತೊಂದರೆ ಹೊತ್ತಿನದ್ದಲ್ಲ. ಒಬ್ಬೊಬ್ಬರ ಮನೆಗೆ ಹೋಗಿ ಮಾತಾಡಬೇಕು.