ಕನ್ನಡ ಸಬ್‌ಟೈಟಲ್: ಒತ್ತು ಒಡೆಯದಂತೆ, ಹೊತ್ತು ತಪ್ಪದಂತೆ

ಸಬ್‌ಟೈಟಲ್‌ಗೆ ಹೆಚ್ಚಾಗಿ ಬಳಸುವ .srt ಕಡತ ಬರಿಯ ಪಠ್ಯ. ಪ್ರತಿ ತುಣುಕಿಗೂ ಒಂದು ಕ್ರಮಸಂಖ್ಯೆ, ಮೂಡುವ ಮತ್ತು ಮರೆಯಾಗುವ ಹೊತ್ತು, ಆಮೇಲೆ ಮಾತು. ಕೊನೆಗೊಂದು ಖಾಲಿ ಸಾಲು. ಜೋಳದ ರೊಟ್ಟಿ ಮಾಡುವ ವಿಡಿಯೊದ ಒಂದು ತುಣುಕು ಹೀಗಿರುತ್ತದೆ:

```
1
00:00:12,400 --> 00:00:15,200
ಹಿಟ್ಟಿಗೆ ಕುದಿಯುವ ನೀರು ಹಾಕಿ,
ತಕ್ಷಣ ಕೈ ಹಾಕಬೇಡಿ.
```

ಸೆಕೆಂಡಿನ ನಂತರ ಇರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಕಡತವನ್ನು UTF-8 ಆಗಿಯೇ ಉಳಿಸಬೇಕು. ನುಡಿ ಅಥವಾ ಬರಹದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಿಸಿದ್ದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸದಿದ್ದರೆ ಪರದೆಯ ಮೇಲೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಮಾತು ಶುರುವಾದ ಕ್ಷಣಕ್ಕೆ ಸಾಲು ಮೂಡಬೇಕು. ಮಾತು ಮುಗಿದ ಮೇಲೂ ಅರ್ಧ ಸೆಕೆಂಡು ನಿಂತರೆ ಓದುಗರಿಗೆ ಅನುಕೂಲ. ಒಂದು ಸೆಕೆಂಡಿಗಿಂತ ಕಡಿಮೆ ನಿಂತರೆ ಕಣ್ಣಿಗೆ ಸಿಗುವುದಿಲ್ಲ. ಏಳು ಸೆಕೆಂಡು ಮೀರಿದರೆ ಓದಿದ್ದನ್ನೇ ಮತ್ತೆ ಓದುವಂತಾಗುತ್ತದೆ. ಎರಡು ಸಾಲು ಸಾಕು. ಸಾಲನ್ನು ಅಗಲ ನೋಡಿ ಮುರಿಯುವ ಬದಲು, ಮೇಲಿನಂತೆ 'ಹಾಕಿ' ಎಂದು ಮಾತು ಉಸಿರು ತೆಗೆದುಕೊಳ್ಳುವ ಕಡೆ ಮುರಿಯಬೇಕು.

ಓದುವ ವೇಗವನ್ನು ತೋರಿಸುವ ತಂತ್ರಾಂಶಗಳ ಲೆಕ್ಕವನ್ನು ಕನ್ನಡದಲ್ಲಿ ಹಾಗೆಯೇ ನಂಬುವಂತಿಲ್ಲ. ಮೇಲಿನ ವಾಕ್ಯದಲ್ಲಿ ನಾವು ಎಣಿಸುವ ಅಕ್ಷರಗಳು 19. ಯುನಿಕೋಡ್‌ನಲ್ಲಿ ಗುಣಿತದ ಚಿಹ್ನೆ, ವಿರಾಮ ಚಿಹ್ನೆ (್), ಒತ್ತಾಗುವ ವ್ಯಂಜನ ಎಲ್ಲವೂ ಬೇರೆಬೇರೆ ಸಂಕೇತಗಳಾದ್ದರಿಂದ ಅದೇ ವಾಕ್ಯ, ಖಾಲಿ ಜಾಗ, ಅಲ್ಪವಿರಾಮ, ಪೂರ್ಣವಿರಾಮ ಬಿಟ್ಟು, 37 ಆಗುತ್ತದೆ. ಹಾಗೆ ಸಂಕೇತಗಳನ್ನೇ ಎಣಿಸುವ ತಂತ್ರಾಂಶ 'ವೇಗ ಹೆಚ್ಚಾಯಿತು' ಎಂದು ಕೆಂಪು ಬಣ್ಣ ತೋರಿಸಿದಾಗ ಮಾತನ್ನು ಕತ್ತರಿಸುವ ಮೊದಲು, ವಿಷಯ ಗೊತ್ತಿಲ್ಲದ ಒಬ್ಬರಿಂದ ಓದಿಸಿ ನೋಡುವುದೇ ಸರಿಯಾದ ಅಳತೆ.

ಫಾಂಟಿನ ಆಯ್ಕೆ ಸಬ್‌ಟೈಟಲ್ ಎಲ್ಲಿರುತ್ತದೆ ಎಂಬುದನ್ನು ಅವಲಂಬಿಸಿದೆ. ಯೂಟ್ಯೂಬ್‌ಗೆ .srt ಅನ್ನು ಪ್ರತ್ಯೇಕವಾಗಿ ಸೇರಿಸಿದರೆ ಅಕ್ಷರಗಳನ್ನು ಬಿಡಿಸುವುದು ನೋಡುಗರ ಫೋನು. ಅಲ್ಲಿ ತಯಾರಕರ ಫಾಂಟಿಗೆ ಬೆಲೆಯಿಲ್ಲ. ವಾಟ್ಸಾಪ್‌ನಲ್ಲಿ ಹಂಚುವ ವಿಡಿಯೊಗೆ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಬೇಕಾಗುತ್ತದೆ. ಆಗ ಫಾಂಟು ತಯಾರಕರ ಕೈಯಲ್ಲಿರುತ್ತದೆ, ಆದರೆ ತಪ್ಪಿದ್ದರೆ ಆಮೇಲೆ ತಿದ್ದಲಾಗುವುದಿಲ್ಲ.

ತಪ್ಪಿನ ಮೂಲ ಅದು ಕಾಣುವ ಬಗೆಯಲ್ಲೇ ತಿಳಿಯುತ್ತದೆ. ಖಾಲಿ ಚೌಕಗಳು ಕಂಡರೆ ಫಾಂಟಿನಲ್ಲಿ ಕನ್ನಡವೇ ಇಲ್ಲ. 'ಹಿಟ್ಟಿಗೆ' ಎಂಬುದು 'ಹಿಟ್‌ಟಿಗೆ' ಎಂದು ಒಡೆದರೆ ಫಾಂಟು ಬದಲಿಸಿ ನೋಡಬೇಕು. ಆಗಲೂ ಒಡೆದರೆ ಒತ್ತಕ್ಷರ ಜೋಡಿಸಲು ಬಾರದ್ದು ಎಡಿಟಿಂಗ್ ತಂತ್ರಾಂಶಕ್ಕೆ. ಅದರ ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಇದೆಯೇ ಎಂದು ಹುಡುಕಬೇಕು, ಇಲ್ಲದಿದ್ದರೆ ತಂತ್ರಾಂಶವನ್ನೇ ಬದಲಿಸಬೇಕು.

ಉಚಿತವಾಗಿ ಸಿಗುವ ನೋಟೋ ಸ್ಯಾನ್ಸ್ ಕನ್ನಡ ಇದಕ್ಕೆ ಒಳ್ಳೆಯ ಆಯ್ಕೆ; ಅದರ ತೆಳು ರೂಪಕ್ಕಿಂತ ಮಧ್ಯಮ ದಪ್ಪದ್ದು, ಸುತ್ತ ಕಪ್ಪು ಅಂಚಿನೊಂದಿಗೆ, ಬಿಸಿಲಿನಲ್ಲೂ ಓದಲು ಬರುತ್ತದೆ. ಅಲಂಕಾರದ ಫಾಂಟುಗಳು ಶೀರ್ಷಿಕೆಗಷ್ಟೇ ಚೆನ್ನ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್‌ಗಿಂತ ಹೆಚ್ಚಿಡಬೇಕು, ಏಕೆಂದರೆ 'ರಾಷ್ಟ್ರ'ದಂಥ ಪದದ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತವೆ. 'ರಾಷ್ಟ್ರ', 'ಸ್ತ್ರೀ', 'ಅರ್ಥ' ಈ ಮೂರು ಪದಗಳಿರುವ ಹತ್ತು ಸೆಕೆಂಡಿನ ತುಣುಕನ್ನು ಮೊದಲು ತಯಾರಿಸಿ, ಅಗ್ಗದ ಫೋನೊಂದರಲ್ಲಿ ನೆಟ್ಟಗೆ ಹಿಡಿದು ನೋಡಿದ ಮೇಲೆ ಪೂರ್ತಿ ವಿಡಿಯೊಗೆ ಅಚ್ಚೊತ್ತುವುದು ಕ್ಷೇಮ.